ಮೂಲಾಂಕ–ಭಾಗ್ಯಾಂಕವೋ, ಲೈಫ್ ಪಾತ್ ಸಂಖ್ಯೆಯೋ: ಜೋಡಿಯ ಹೊಂದಾಣಿಕೆಗೆ ಯಾವುದನ್ನು ನೋಡುವುದು?

ಮದುವೆಯ ಮಾತುಕತೆ ನಡೆಯುತ್ತಿರುವ ಮನೆಗಳಿಂದ ಒಂದೇ ಬಗೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಹುಡುಗ ಹುಡುಗಿ ಇಬ್ಬರ ಜನ್ಮದಿನಾಂಕವನ್ನು ಒಂದು ಆ್ಯಪ್‌ಗೆ ಹಾಕಿದರೆ ‘ಉತ್ತಮ ಜೋಡಿ’ ಎಂದು ಬರುತ್ತದೆ, ಇನ್ನೊಂದಕ್ಕೆ ಹಾಕಿದರೆ ‘ಶತ್ರು ಸಂಖ್ಯೆ’ ಎಂದು ಬರುತ್ತದೆ. ಒಂದು ಭಾರತೀಯ ಸಂಖ್ಯಾಶಾಸ್ತ್ರದ ಮೂಲಾಂಕ ಎನ್ನುತ್ತದೆ, ಇನ್ನೊಂದು ಪಾಶ್ಚಾತ್ಯ ಸಂಖ್ಯಾಶಾಸ್ತ್ರದ ಲೈಫ್ ಪಾತ್ ಎನ್ನುತ್ತದೆ. ಜಾತಕ ಕೂಡಿ ಬಂದ ಮೇಲೂ ಇದನ್ನು ಕಂಡು ಕಂಗಾಲಾದವರಿದ್ದಾರೆ. ಜಾತಕವೇ ಇಲ್ಲದ, ತಾವೇ ಮೆಚ್ಚಿಕೊಂಡ ಜೋಡಿಗಳಿಗಂತೂ ಈ ಸಂಖ್ಯೆಗಳೇ ಸಾಲಾವಳಿಯ ಜಾಗದಲ್ಲಿ ಬಂದು ಕುಳಿತಿವೆ. ಆದ್ದರಿಂದ ಎರಡೂ ಪದ್ಧತಿಗಳನ್ನು ಒಂದೇ ಜೋಡಿಯ ಮೇಲೆ ಲೆಕ್ಕ ಹಾಕಿ, ಎಲ್ಲಿ ಅವು ಒಂದೇ ಮಾತನ್ನು ಹೇಳುತ್ತವೆ, ಎಲ್ಲಿ ಬೇರೆಯಾಗುತ್ತವೆ ಎಂದು ನೋಡೋಣ.

ಮೊದಲೇ ಒಂದು ಮಾತು. ಹುಟ್ಟಿದ ದಿನಾಂಕದ ಅಂಕಿಗಳು ದಾಂಪತ್ಯದ ಸುಖದುಃಖವನ್ನು ಮುನ್ಸೂಚಿಸುತ್ತವೆ ಎಂಬುದಕ್ಕೆ ವೈಜ್ಞಾನಿಕ ಆಧಾರವಿಲ್ಲ. ಇದು ನಂಬಿಕೆಯ ಕ್ಷೇತ್ರ. ಹಾಗಿದ್ದರೂ ಇಷ್ಟು ಜನ ಇದನ್ನು ನೋಡುತ್ತಿರುವಾಗ, ನೋಡುವವರು ಸರಿಯಾಗಿ ನೋಡಬೇಕು, ಅರೆಬರೆ ಲೆಕ್ಕಕ್ಕೆ ಹೆದರಿ ಒಳ್ಳೆಯ ಸಂಬಂಧವನ್ನು ಕೈಬಿಡಬಾರದು ಎಂಬುದು ನನ್ನ ಕಾಳಜಿ.

ಅಳೆಯುವುದು ಯಾವುದರಿಂದ?

ಯಾವ ಪದ್ಧತಿ ನಿಮಗೆ ಸರಿ ಎಂದು ನಿರ್ಧರಿಸಲು ನಾಲ್ಕು ಪ್ರಶ್ನೆಗಳು ಸಾಕು. ಅದಕ್ಕೆ ಬೇಕಾದ ಮಾಹಿತಿ ನಿಮ್ಮ ಬಳಿ ಖಚಿತವಾಗಿ ಇದೆಯೇ? ಲೆಕ್ಕ ಹಾಕುವವರು ಬದಲಾದರೆ ಉತ್ತರವೂ ಬದಲಾಗುತ್ತದೆಯೇ? ಅದು ಒಬ್ಬೊಬ್ಬರ ಸ್ವಭಾವವನ್ನು ಬೇರೆ ಬೇರೆಯಾಗಿ ಹೇಳಿ ಸುಮ್ಮನಾಗುತ್ತದೆಯೋ, ಇಬ್ಬರ ನಡುವಿನ ಸಂಬಂಧದ ಬಗ್ಗೆ ಏನಾದರೂ ಹೇಳುತ್ತದೆಯೋ? ಕೊನೆಯದಾಗಿ, ಉತ್ತರ ಕೈಗೆ ಬಂದ ಮೇಲೆ ಅದು ನಿಮ್ಮಿಂದ ಏನನ್ನು ಕೇಳುತ್ತದೆ: ಬರೀ ಒಂದು ಮಾತುಕತೆಯನ್ನೋ, ಹಣವನ್ನೋ, ಹೆಸರು ಬದಲಾವಣೆಯನ್ನೋ?

ಮೊದಲ ಪ್ರಶ್ನೆಯನ್ನು ಹಗುರವಾಗಿ ಕಾಣಬೇಡಿ. ನಮ್ಮಲ್ಲಿ ಹಿಂದಿನ ತಲೆಮಾರಿನ ಎಷ್ಟೋ ಜನರ ಜನ್ಮದಿನಾಂಕ ಶಾಲೆಗೆ ಸೇರಿಸುವಾಗ ಮೇಷ್ಟರು ಬರೆದುಕೊಂಡದ್ದು. ಜೂನ್ 1 ಎಂದು ಬರೆಸಿದವರು ಊರೂರಿನಲ್ಲೂ ಸಿಗುತ್ತಾರೆ. ಆಧಾರ್ ಕಾರ್ಡಿನ ದಿನಾಂಕ ಹಾಕಿ ಲೆಕ್ಕ ಮಾಡಿದರೆ ಅವರೆಲ್ಲರ ಮೂಲಾಂಕವೂ 1 ಆಗುತ್ತದೆ. ಅದು ಅವರ ಸಂಖ್ಯೆಯಲ್ಲ, ದಾಖಲಾತಿಯ ಸಂಖ್ಯೆ. ಈಗಿನ ಮಕ್ಕಳಿಗೆ ಆಸ್ಪತ್ರೆಯ ಜನನ ಪ್ರಮಾಣಪತ್ರವಿರುವುದರಿಂದ ಈ ತೊಂದರೆ ಕಡಿಮೆ. ಆದರೆ ಎರಡನೇ ಮದುವೆಗೋ ತಂದೆತಾಯಿಗಳ ಹೊಂದಾಣಿಕೆ ತಿಳಿಯಲೋ ಲೆಕ್ಕ ಮಾಡುವವರು ಹಳೆಯ ಜಾತಕದ ಹಾಳೆಯಲ್ಲಿರುವ ದಿನಾಂಕವನ್ನೇ ಹುಡುಕಿ ತೆಗೆಯಬೇಕು. ಅದು ಸಿಗದಿದ್ದರೆ ಎರಡು ಪದ್ಧತಿಗಳಲ್ಲಿ ಯಾವುದೂ ನಿಮಗೆ ಉಪಯೋಗವಿಲ್ಲ.

ಒಂದು ಜೋಡಿ, ಎರಡು ಲೆಕ್ಕ

ಉದಾಹರಣೆಗೆ ಹುಡುಗಿ ಹುಟ್ಟಿದ್ದು 14 ಆಗಸ್ಟ್ 1996, ಹುಡುಗ ಹುಟ್ಟಿದ್ದು 29 ಮಾರ್ಚ್ 1993 ಎಂದಿಟ್ಟುಕೊಳ್ಳಿ.

ಮೂಲಾಂಕಕ್ಕೆ ಹುಟ್ಟಿದ ತಾರೀಖು ಮಾತ್ರ ಸಾಕು, ತಿಂಗಳು ವರ್ಷ ಬೇಡ. ಹುಡುಗಿಗೆ 1 ಮತ್ತು 4 ಕೂಡಿ 5. ಹುಡುಗನಿಗೆ 2 ಮತ್ತು 9 ಕೂಡಿ 11, ಮತ್ತೆ ಕೂಡಿದರೆ 2. ಭಾಗ್ಯಾಂಕಕ್ಕೆ ಇಡೀ ದಿನಾಂಕದ ಅಂಕಿಗಳೆಲ್ಲ ಬೇಕು. ಹುಡುಗಿಯದು 1+4+8+1+9+9+6 ಅಂದರೆ 38, ಅದರಿಂದ 11, ಅದರಿಂದ 2. ಹುಡುಗನದು 2+9+3+1+9+9+3 ಅಂದರೆ 36, ಅದರಿಂದ 9. ಹೀಗೆ ಹುಡುಗಿಗೆ ಮೂಲಾಂಕ 5, ಭಾಗ್ಯಾಂಕ 2. ಹುಡುಗನಿಗೆ ಮೂಲಾಂಕ 2, ಭಾಗ್ಯಾಂಕ 9.

ಪೈಥಾಗೊರಿಯನ್ ಪದ್ಧತಿಯ ಲೈಫ್ ಪಾತ್ ಸಂಖ್ಯೆಯಲ್ಲಿ ತಿಂಗಳು, ದಿನ, ವರ್ಷ ಈ ಮೂರನ್ನು ಬೇರೆ ಬೇರೆಯಾಗಿ ಕುಗ್ಗಿಸಿ ಆಮೇಲೆ ಕೂಡಿಸುವುದು ವಾಡಿಕೆ. ಹುಡುಗಿಗೆ ತಿಂಗಳು 8, ದಿನ 5, ವರ್ಷ 1996 ಕೂಡಿದರೆ 25, ಅದು 7. ಮೂರೂ ಸೇರಿ 20, ಅಂದರೆ 2. ಹುಡುಗನಿಗೆ ತಿಂಗಳು 3, ದಿನ 11, ವರ್ಷ 22; 11 ಮತ್ತು 22 ಬಂದರೆ ಈ ಪದ್ಧತಿಯಲ್ಲಿ ಕುಗ್ಗಿಸದೆ ಹಾಗೇ ಬಿಡುತ್ತಾರೆ. ಸೇರಿ 36, ಅಂದರೆ 9.

ಗಮನಿಸಿದಿರಾ? ಭಾಗ್ಯಾಂಕವೂ 2 ಮತ್ತು 9, ಲೈಫ್ ಪಾತ್ ಸಂಖ್ಯೆಯೂ 2 ಮತ್ತು 9. ಇದು ಈ ಜೋಡಿಯಲ್ಲಿ ಅಕಸ್ಮಾತ್ತಾಗಿ ಆದದ್ದಲ್ಲ. ಯಾವುದೇ ಸಂಖ್ಯೆಯ ಅಂಕಿಗಳನ್ನು ಕೂಡುತ್ತಾ ಒಂದಂಕಿಗೆ ತಂದರೆ ಸಿಗುವುದು ಆ ಸಂಖ್ಯೆಯನ್ನು ಒಂಬತ್ತರಿಂದ ಭಾಗಿಸಿದಾಗ ಉಳಿಯುವ ಶೇಷ. ಶೇಷ ಸೊನ್ನೆಯಾದರೆ 9. ಮೊದಲು ತಿಂಗಳನ್ನು ಕೂಡಿ, ಕೊನೆಗೆ ಕೂಡಿ, ಎಲ್ಲವನ್ನೂ ಒಟ್ಟಿಗೆ ಕೂಡಿ, ಶೇಷ ಬದಲಾಗುವುದಿಲ್ಲ. ಹಾಗಾಗಿ ‘ನನ್ನ ಭಾಗ್ಯಾಂಕ ಬೇರೆ, ಲೈಫ್ ಪಾತ್ ಬೇರೆ’ ಎಂದು ಯಾರಾದರೂ ಹೇಳಿದರೆ, ಒಂದೋ ಲೆಕ್ಕ ತಪ್ಪಿದೆ, ಇಲ್ಲವೇ 11, 22, 33ರಲ್ಲಿ ಯಾವುದೋ ಒಂದನ್ನು ಕುಗ್ಗಿಸದೆ ಹಾಗೇ ಬಿಟ್ಟಿದ್ದಾರೆ. ಎರಡಕ್ಕೂ ಒಂದೇ ತಾರೀಖನ್ನು ಹಿಡಿದಿದ್ದರೆ ಬೇರೆ ಕಾರಣವೇ ಇರಲು ಸಾಧ್ಯವಿಲ್ಲ.

ಎರಡು ಪದ್ಧತಿಗಳ ಜಗಳ ಸಂಖ್ಯೆಯಲ್ಲಿಲ್ಲ ಎಂದಾಯಿತು. ಹಾಗಾದರೆ ಉತ್ತರಗಳು ಬೇರೆಯಾಗುವುದು ಏಕೆ? ಭಾರತೀಯ ಪದ್ಧತಿ ಮೂಲಾಂಕವನ್ನು ಮುಂದಿಟ್ಟು ಸಂಖ್ಯೆಯ ಹಿಂದೆ ಒಂದು ಗ್ರಹವನ್ನು ನಿಲ್ಲಿಸುತ್ತದೆ. ಪಾಶ್ಚಾತ್ಯ ಪದ್ಧತಿ ಲೈಫ್ ಪಾತ್ ಒಂದನ್ನೇ ಸಿಂಹಾಸನದಲ್ಲಿ ಕೂರಿಸಿ, ಸಂಖ್ಯೆಗೇ ಒಂದು ಗುಣ ಹೇಳುತ್ತದೆ. ಜೋಡಿಯ ವಿಷಯದಲ್ಲಿ ಉಳಿದ ಎಲ್ಲ ವ್ಯತ್ಯಾಸಗಳೂ ಹುಟ್ಟುವುದು ಇಲ್ಲಿಂದಲೇ.

ಭಾರತೀಯ ಪದ್ಧತಿ: ಗ್ರಹಮೈತ್ರಿಯ ಬಲ

ಇಲ್ಲಿ 1 ಸೂರ್ಯ, 2 ಚಂದ್ರ, 3 ಗುರು, 4 ರಾಹು, 5 ಬುಧ, 6 ಶುಕ್ರ, 7 ಕೇತು, 8 ಶನಿ, 9 ಕುಜ. ಹೊಂದಾಣಿಕೆ ನೋಡುವವರು ಈ ಗ್ರಹಗಳ ನಡುವಿನ ಮಿತ್ರ, ಸಮ, ಶತ್ರು ಭಾವವನ್ನು ಜ್ಯೋತಿಷದಿಂದಲೇ ಎರವಲು ತರುತ್ತಾರೆ. ಸಾಲಾವಳಿ ನೋಡುವಾಗ 36 ಗುಣಗಳ ಪೈಕಿ 5 ಗುಣಗಳು ಗ್ರಹಮೈತ್ರಿ ಕೂಟಕ್ಕೆ ಸಲ್ಲುತ್ತವೆಯಲ್ಲ, ಅಲ್ಲಿ ಬಳಸುವ ಕೋಷ್ಟಕವೇ ಇದು. ಅಲ್ಲಿ ಇಬ್ಬರ ಜನ್ಮರಾಶಿಯ ಅಧಿಪತಿಗಳನ್ನು ನೋಡುತ್ತಾರೆ, ಇಲ್ಲಿ ತಾರೀಖಿನ ಅಧಿಪತಿಗಳನ್ನು. ಹಾಗಾಗಿ ಜಾತಕದಲ್ಲಿ ಗ್ರಹಮೈತ್ರಿ ಕೂಡಿ ಬಂದವರಿಗೆ ಮೂಲಾಂಕದಲ್ಲಿ ಶತ್ರುತ್ವ ಬಂದರೆ ಆಶ್ಚರ್ಯಪಡಬೇಕಾಗಿಲ್ಲ, ಎರಡೂ ನೋಡುವ ಗ್ರಹಗಳೇ ಬೇರೆ.

ಈ ಕೋಷ್ಟಕದಲ್ಲಿ ಒಂದು ವಿಶೇಷವಿದೆ. ಸ್ನೇಹ ಎರಡೂ ಕಡೆಯಿಂದ ಒಂದೇ ರೀತಿ ಇರಬೇಕೆಂದಿಲ್ಲ. ನಮ್ಮ ಜೋಡಿಯನ್ನೇ ನೋಡಿ. ಹುಡುಗ ಚಂದ್ರ, ಹುಡುಗಿ ಬುಧ. ಚಂದ್ರನಿಗೆ ಬುಧ ಮಿತ್ರ. ಬುಧನಿಗೆ ಚಂದ್ರ ಶತ್ರು. ಅವನ ಕಡೆಯಿಂದ ನೋಡಿದವರು ‘ಚೆನ್ನಾಗಿದೆ’ ಎನ್ನುತ್ತಾರೆ, ಅವಳ ಕಡೆಯಿಂದ ನೋಡಿದವರು ‘ಬೇಡ’ ಎನ್ನುತ್ತಾರೆ. ಇಬ್ಬರೂ ಒಂದೇ ಕೋಷ್ಟಕವನ್ನು ಓದುತ್ತಿದ್ದಾರೆ, ಒಂದೊಂದು ದಿಕ್ಕಿನಿಂದ. ಆ್ಯಪ್‌ಗಳಲ್ಲಿ ಯಾರ ಹೆಸರನ್ನು ಮೊದಲು ಹಾಕಿದಿರಿ ಎಂಬುದರ ಮೇಲೆ ಉತ್ತರ ಬದಲಾಗುವುದಕ್ಕೂ ಇದೇ ಕಾರಣ. 3 ಮತ್ತು 6ರ ಜೋಡಿಯೂ ಹೀಗೆಯೇ: ಗುರುವಿಗೆ ಶುಕ್ರ ಶತ್ರು, ಶುಕ್ರನಿಗೆ ಗುರು ಸಮ.

ಸರಿಯಾಗಿ ನೋಡುವವರು ಮೂಲಾಂಕಗಳ ಜೋಡಿಗೇ ನಿಲ್ಲುವುದಿಲ್ಲ. ಭಾಗ್ಯಾಂಕಗಳನ್ನು ಪರಸ್ಪರ ನೋಡುತ್ತಾರೆ, ಒಬ್ಬರ ಮೂಲಾಂಕವನ್ನು ಇನ್ನೊಬ್ಬರ ಭಾಗ್ಯಾಂಕದ ಜೊತೆಗೂ ತಾಳೆ ನೋಡುತ್ತಾರೆ. ನಮ್ಮ ಜೋಡಿಯಲ್ಲಿ ಭಾಗ್ಯಾಂಕಗಳು ಚಂದ್ರ ಮತ್ತು ಕುಜ. ಕುಜನಿಗೆ ಚಂದ್ರ ಮಿತ್ರ, ಚಂದ್ರನಿಗೆ ಕುಜ ಸಮ, ತಕರಾರಿಲ್ಲ. ಅಡ್ಡ ನೋಟದಲ್ಲಿ ಹುಡುಗಿಯ ಭಾಗ್ಯಾಂಕವೂ 2, ಹುಡುಗನ ಮೂಲಾಂಕವೂ 2. ಒಬ್ಬರ ಭಾಗ್ಯಾಂಕ ಇನ್ನೊಬ್ಬರ ಮೂಲಾಂಕವೇ ಆಗಿ ಬರುವುದನ್ನು ಬಲವಾದ ಹೊಂದಾಣಿಕೆ ಎಂದು ಪರಿಗಣಿಸುತ್ತಾರೆ. ಇನ್ನೊಂದು ಅಡ್ಡ ನೋಟ ಹುಡುಗಿಯ 5 ಮತ್ತು ಹುಡುಗನ 9: ಬುಧನಿಗೆ ಕುಜ ಸಮ, ಕುಜನಿಗೆ ಬುಧ ಶತ್ರು. ಇದು ಸ್ವಲ್ಪ ಕಿರಿಕಿರಿಯ ಜಾಗ. ಒಟ್ಟಾರೆ ಒಂದು ಒಳ್ಳೆಯದು, ಒಂದು ಸಾಧಾರಣ, ಎರಡು ಏಕಮುಖ ಇರಿಸುಮುರಿಸು. ಬರೀ ಮೂಲಾಂಕ ನೋಡಿ ‘ಶತ್ರು ಸಂಖ್ಯೆ’ ಎಂದು ತೀರ್ಪು ಕೊಟ್ಟ ಆ್ಯಪ್ ಈ ನಾಲ್ಕರಲ್ಲಿ ಒಂದನ್ನು, ಅದೂ ಅರ್ಧವನ್ನು ಮಾತ್ರ ನೋಡಿದೆ.

ಮೂಲಾಂಕ ದಿನನಿತ್ಯದ ಸ್ವಭಾವಕ್ಕೆ, ಭಾಗ್ಯಾಂಕ ಬದುಕು ಸಾಗುವ ದಾರಿಗೆ ಎಂಬುದು ಈ ಪದ್ಧತಿಯ ತಿಳಿವಳಿಕೆ. ಮೂವತ್ತೈದರ ಆಸುಪಾಸಿನವರೆಗೆ ಮೂಲಾಂಕದ ಪ್ರಭಾವ ಹೆಚ್ಚು, ಅಲ್ಲಿಂದ ಮುಂದೆ ಭಾಗ್ಯಾಂಕದ್ದು ಎಂದು ಅನೇಕರು ಹೇಳುತ್ತಾರೆ. ಇದನ್ನು ಒಪ್ಪುವುದಾದರೆ ಇಪ್ಪತ್ತೈದರ ಜೋಡಿಗೂ ನಲವತ್ತೈದರ ಜೋಡಿಗೂ ಒಂದೇ ತಕ್ಕಡಿ ಸಲ್ಲದು.

ಇನ್ನು ಈ ಪದ್ಧತಿ ಎಲ್ಲಿ ಜಾರುತ್ತದೆ ಎಂಬುದನ್ನೂ ಹೇಳಬೇಕು. ಎರಡು ಕಡೆ ಜಾರುತ್ತದೆ.

ಮೊದಲನೆಯದು 4 ಮತ್ತು 7. ಗ್ರಹಗಳ ನೈಸರ್ಗಿಕ ಮೈತ್ರಿಯ ಮೂಲ ಕೋಷ್ಟಕ ಸೂರ್ಯನಿಂದ ಶನಿಯವರೆಗಿನ ಏಳು ಗ್ರಹಗಳದ್ದು. ರಾಹು, ಕೇತು ಛಾಯಾಗ್ರಹಗಳು; ಅವಕ್ಕೆ ಯಾವ ಸಂಬಂಧ ಕೊಡಬೇಕು ಎಂಬುದರಲ್ಲಿ ಒಮ್ಮತವಿಲ್ಲ. ‘ಶನಿವತ್ ರಾಹು, ಕುಜವತ್ ಕೇತು’ ಎಂಬ ಮಾತನ್ನು ಹಿಡಿದವರು ರಾಹುವನ್ನು ಶನಿಯಂತೆ ಕಂಡು 1 ಮತ್ತು 4ರ ಜೋಡಿಯನ್ನು ಸೂರ್ಯ–ಶನಿ ವೈರ ಎನ್ನುತ್ತಾರೆ. ಐರ್ಲೆಂಡ್ ಮೂಲದ ಚೀರೋ ಎಂಬ ಹಸ್ತಸಾಮುದ್ರಿಕನ ಪದ್ಧತಿಯನ್ನು ಹಿಡಿದವರು ಅದೇ 1 ಮತ್ತು 4 ಒಂದಕ್ಕೊಂದು ಸೇರಿದ ಸಂಖ್ಯೆಗಳು, 2 ಮತ್ತು 7 ಕೂಡ ಹಾಗೆಯೇ ಎನ್ನುತ್ತಾರೆ. ಅದೇ ಜೋಡಿ, ನೇರ ವಿರುದ್ಧ ಉತ್ತರ. ಚೀರೋ (1866–1936) ತಾನು ಭಾರತದಲ್ಲಿ ಕಲಿತವನೆಂದು ಹೇಳಿಕೊಂಡ. ಅವನ ಸಂಖ್ಯಾವಿಚಾರಗಳು ಇಲ್ಲಿಗೆ ಬಂದು ನಮ್ಮ ಗ್ರಹಗಳ ಜೊತೆ ಬೆರೆತವು. ಅವನಲ್ಲಿ 4ಕ್ಕೆ ಯುರೇನಸ್, 7ಕ್ಕೆ ನೆಪ್ಚೂನ್ ಇದ್ದ ಜಾಗದಲ್ಲಿ ನಮ್ಮವರು ರಾಹು ಕೇತುಗಳನ್ನು ಕೂರಿಸುತ್ತಾರೆ. ನಿಮ್ಮಿಬ್ಬರಲ್ಲಿ ಯಾರಾದರೂ 4, 13, 22, 31 ಅಥವಾ 7, 16, 25ನೇ ತಾರೀಖಿನವರಾಗಿದ್ದರೆ, ಯಾರ ಕೋಷ್ಟಕ ಎಂದು ತಿಳಿಯದೆ ಉತ್ತರವನ್ನು ಒಪ್ಪಿಕೊಳ್ಳಬೇಡಿ.

ಎರಡನೆಯದು ಸೂರ್ಯೋದಯ. ಪಂಚಾಂಗದ ದಿನ ಶುರುವಾಗುವುದು ಸೂರ್ಯೋದಯಕ್ಕೆ, ಕ್ಯಾಲೆಂಡರಿನ ದಿನ ನಡುರಾತ್ರಿಗೆ. ಕೆಲವರು ಮೂಲಾಂಕಕ್ಕೂ ಸೂರ್ಯೋದಯದ ಲೆಕ್ಕವನ್ನೇ ಹಿಡಿಯುತ್ತಾರೆ. ನಮ್ಮ ಹುಡುಗ ಹುಟ್ಟಿದ್ದು ಮಾರ್ಚ್ 29ರ ಬೆಳಗಿನ ಜಾವ 2 ಗಂಟೆಗೆ ಎಂದುಕೊಳ್ಳಿ. ಆ ಲೆಕ್ಕದಲ್ಲಿ ಅವನದು ಇನ್ನೂ 28ನೇ ತಾರೀಖು. ಮೂಲಾಂಕ 2ರ ಬದಲು 1, ಭಾಗ್ಯಾಂಕ 9ರ ಬದಲು 8. ಈಗ ಮೂಲಾಂಕಗಳು ಬುಧ ಮತ್ತು ಸೂರ್ಯ: ಬುಧನಿಗೆ ಸೂರ್ಯ ಮಿತ್ರ, ಸೂರ್ಯನಿಗೆ ಬುಧ ಸಮ. ಅಲ್ಲಿದ್ದ ಶತ್ರುತ್ವ ಮಾಯವಾಯಿತು. ಆದರೆ ಭಾಗ್ಯಾಂಕಗಳು ಚಂದ್ರ ಮತ್ತು ಶನಿ: ಚಂದ್ರನಿಗೆ ಶನಿ ಸಮವಾದರೂ ಶನಿಗೆ ಚಂದ್ರ ಶತ್ರು. 2ರ ಸುಂದರ ಅಡ್ಡ ಹೊಂದಾಣಿಕೆಯೂ ಹೋಯಿತು. ಕೆಲವು ಗಂಟೆಗಳ ವ್ಯತ್ಯಾಸಕ್ಕೆ ಇಡೀ ಚಿತ್ರವೇ ತಿರುಗಿತು. ನಡುರಾತ್ರಿಯಿಂದ ಸೂರ್ಯೋದಯದ ನಡುವೆ ಹುಟ್ಟಿದವರು ಎರಡೂ ರೀತಿ ಲೆಕ್ಕ ಮಾಡಿ ನೋಡಬೇಕು. ಎರಡು ಉತ್ತರಗಳು ಹೀಗೆ ಎದುರುಬದುರಾದರೆ, ಆ ಲೆಕ್ಕದ ಮೇಲೆ ಯಾವ ತೀರ್ಮಾನವನ್ನೂ ಹೊರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಪದ್ಧತಿಗೆ ಹಚ್ಚುವ ‘ವೈದಿಕ’ ಎಂಬ ಹಣೆಪಟ್ಟಿಯ ಬಗ್ಗೆಯೂ ಒಂದು ಮಾತು. ಗ್ರಹಮೈತ್ರಿಯ ವಿಚಾರ ನಮ್ಮ ಹಳೆಯ ಜ್ಯೋತಿಷದ್ದು, ಸಂಶಯವಿಲ್ಲ. ಆದರೆ ಈ ಸಂಖ್ಯೆಗಳನ್ನು ತೆಗೆಯುವ ದಿನಾಂಕ ಗ್ರೆಗೋರಿಯನ್ ಕ್ಯಾಲೆಂಡರಿನದು. ಆ ಕ್ಯಾಲೆಂಡರ್ ಯುರೋಪಿನಲ್ಲಿ ಹುಟ್ಟಿದ್ದು 1582ರಲ್ಲಿ, ಬ್ರಿಟಿಷರು ಒಪ್ಪಿಕೊಂಡದ್ದು 1752ರಲ್ಲಿ. ಆಗಸ್ಟ್ 14 ಎಂಬುದು ವೇದಕಾಲದ ಯಾವ ಋಷಿಗೂ ಗೊತ್ತಿರಲಿಲ್ಲ. ಹಳೆಯದು ಎಂಬ ಒಂದೇ ಕಾರಣಕ್ಕೆ ಈ ಪದ್ಧತಿಯನ್ನು ಆರಿಸಿಕೊಳ್ಳುವವರು ಇದನ್ನು ತಿಳಿದಿರಬೇಕು.

ಪೈಥಾಗೊರಿಯನ್ ಪದ್ಧತಿ: ಸರಳತೆ, ಮತ್ತು 11ರ ಗೊಂದಲ

ಇಲ್ಲಿಯೂ ಹೆಸರಿಗಿಂತ ವಯಸ್ಸು ಕಡಿಮೆ. ಗ್ರೀಕ್ ಗಣಿತಜ್ಞ ಪೈಥಾಗೊರಸ್ ಬರೆದ ಯಾವ ಗ್ರಂಥವೂ ನಮಗೆ ಉಳಿದುಬಂದಿಲ್ಲ. ಈಗ ಬಳಕೆಯಲ್ಲಿರುವ ಪದ್ಧತಿ ರೂಪುಗೊಂಡದ್ದು ಇಪ್ಪತ್ತನೇ ಶತಮಾನದ ಆರಂಭದ ಅಮೆರಿಕದಲ್ಲಿ. ಅಟ್ಲಾಂಟಿಕ್ ಸಿಟಿಯ ಎಲ್. ಡೌ ಬ್ಯಾಲಿಯೆಟ್ ಎಂಬ ಮಹಿಳೆ ಅದಕ್ಕೆ ಮೊದಲ ರೂಪ ಕೊಟ್ಟವರಲ್ಲಿ ಪ್ರಮುಖರು.

ಇದರ ದೊಡ್ಡ ಅನುಕೂಲ ಸರಳತೆ. ಒಬ್ಬರಿಗೆ ಒಂದೇ ಮುಖ್ಯ ಸಂಖ್ಯೆ, ಗ್ರಹಗಳಿಲ್ಲ, ಶತ್ರು ಎಂಬ ಪದವಿಲ್ಲ. ಹೊಂದಾಣಿಕೆಗೆ ಸಂಖ್ಯೆಗಳನ್ನು ಮೂರು ಗುಂಪು ಮಾಡುತ್ತಾರೆ: 1, 5, 7 ಒಂದು, 2, 4, 8 ಒಂದು, 3, 6, 9 ಇನ್ನೊಂದು. ಒಂದೇ ಗುಂಪಿನವರು ಸಹಜವಾಗಿ ಹೊಂದುತ್ತಾರೆ, ಬೇರೆ ಗುಂಪಿನವರು ಪರಸ್ಪರ ಅರಿತು ನಡೆಯಬೇಕು ಎನ್ನುವುದು ವಾಡಿಕೆ. ನಮ್ಮ ಜೋಡಿಯ 2 ಮತ್ತು 9 ಬೇರೆ ಬೇರೆ ಗುಂಪು. 2 ಸೌಮ್ಯ, ಜೊತೆಗಾರನನ್ನು ಬಯಸುವ ಸಂಖ್ಯೆ. 9 ಹೊರಗಿನ ಲೋಕದ ಬಗ್ಗೆ ಮಿಡಿಯುವ ಸಂಖ್ಯೆ. ಅವಳಿಗೆ ಮನೆಯ ಆಪ್ತತೆ ಬೇಕು, ಅವನ ಮನಸ್ಸು ಊರಿನ ಕೆಲಸಗಳಲ್ಲಿರುತ್ತದೆ ಎಂದು ಇದನ್ನು ಓದುತ್ತಾರೆ. ಇಲ್ಲಿ ದಿಕ್ಕಿಲ್ಲ: ಅವಳಿಂದ ಅವನಿಗೆ ಏನು, ಅವನಿಂದ ಅವಳಿಗೆ ಏನು ಎಂಬ ಭೇದ ಈ ಗುಂಪುಗಳಲ್ಲಿ ಬರುವುದಿಲ್ಲ. ಇಬ್ಬರಿಗೂ ಒಂದೇ ಉತ್ತರ.

ಗೊಂದಲ ಇರುವುದು ಮಾಸ್ಟರ್ ಸಂಖ್ಯೆಗಳಲ್ಲಿ. 11 ಮತ್ತು 22 ಬಂದರೆ ಕುಗ್ಗಿಸಬಾರದು ಎನ್ನುತ್ತಾರೆ, 33ನ್ನೂ ಸೇರಿಸುವವರಿದ್ದಾರೆ. ಆದರೆ ಅವು ಬರುವುದೂ ಬಾರದಿರುವುದೂ ಕೂಡುವ ಕ್ರಮದ ಮೇಲಿದೆ. ಹುಡುಗಿಯ ದಿನಾಂಕವನ್ನು ಮತ್ತೆ ತೆಗೆದುಕೊಳ್ಳಿ. ಭಾಗ ಭಾಗವಾಗಿ ಕುಗ್ಗಿಸಿ ಕೂಡಿದಾಗ 20 ಬಂತು, ಅದು ಬರೀ 2. ಎಲ್ಲ ಅಂಕಿಗಳನ್ನು ಒಂದೇ ಸಾಲಿನಲ್ಲಿ ಕೂಡಿದಾಗ 38, ಅದರಿಂದ 11 ಬಂತು. 14, 8, 1996 ಇವುಗಳನ್ನು ಸಂಖ್ಯೆಗಳಾಗಿಯೇ ಕೂಡಿದರೆ 2018, ಅದರಿಂದಲೂ 11. ಒಂದು ಆ್ಯಪ್‌ನಲ್ಲಿ ಅವಳು ಸೌಮ್ಯ ಸ್ವಭಾವದ 2, ಇನ್ನೊಂದರಲ್ಲಿ ಅಂತಃಪ್ರಜ್ಞೆಯ, ತೀವ್ರ ಸಂವೇದನೆಯ 11. ದಿನಾಂಕ ಒಂದೇ. ಹುಡುಗನಿಗೆ ಈ ತೊಂದರೆಯಿಲ್ಲ. ಹೇಗೆ ಕೂಡಿದರೂ 9. ಹಾಗಾಗಿ ನಿಮ್ಮ ಒಂದಂಕಿ ಉತ್ತರ 2, 4 ಅಥವಾ 6 ಆಗಿದ್ದರೆ ಮಾತ್ರ ಮೂರೂ ಕ್ರಮಗಳಲ್ಲಿ ಕೂಡಿ ನೋಡಿ. ಉಳಿದ ಸಂಖ್ಯೆಗಳವರು ನಿಶ್ಚಿಂತರಾಗಿರಬಹುದು.

ಭಾರತೀಯ ಪದ್ಧತಿಗೆ ಈ ಕಾಟವಿಲ್ಲ. ಅಲ್ಲಿ 11 ಬಂದರೂ 29 ಬಂದರೂ ಕೊನೆಗೆ 2. ಹಾಗೆಯೇ ಪೈಥಾಗೊರಿಯನ್ ಪದ್ಧತಿಗೆ ಸೂರ್ಯೋದಯದ ಕಾಟವಿಲ್ಲ, ಕ್ಯಾಲೆಂಡರಿನ ತಾರೀಖೇ ಅಂತಿಮ. ಹೊರದೇಶದಲ್ಲಿ ಹುಟ್ಟಿದವರಿಗೆ ಎರಡರಲ್ಲೂ ಹುಟ್ಟಿದ ಊರಿನ ತಾರೀಖನ್ನೇ ಹಿಡಿಯಬೇಕು. ಅಮೆರಿಕದಲ್ಲಿ ಸಂಜೆ ಹುಟ್ಟಿದ ಮಗುವಿಗೆ ಆಗ ಭಾರತದಲ್ಲಿದ್ದ ಮರುದಿನದ ತಾರೀಖನ್ನು ಅಜ್ಜ ಬರೆದಿಟ್ಟಿದ್ದರೆ ಅದನ್ನು ತಿದ್ದಿಕೊಳ್ಳಿ.

ಯಾರಿಗೆ ಯಾವುದು?

ಜಾತಕ ನೋಡುವ ಮನೆತನ, ಸಾಲಾವಳಿ ಈಗಾಗಲೇ ಆಗಿದೆ, ಸಂಖ್ಯೆಯನ್ನೂ ಒಮ್ಮೆ ನೋಡೋಣ ಎನ್ನುವವರಿಗೆ ಮೂಲಾಂಕ–ಭಾಗ್ಯಾಂಕವೇ ಸರಿ. ಅದರ ಭಾಷೆ ನಿಮ್ಮ ಹಿರಿಯರಿಗೂ ಪುರೋಹಿತರಿಗೂ ಪರಿಚಿತ. ಆದರೆ ಸಾಲಾವಳಿಗಿಂತ ಮೇಲಿನ ಅಧಿಕಾರ ಅದಕ್ಕೆ ಕೊಡಬೇಡಿ. ಜಾತಕ ನಕ್ಷತ್ರವನ್ನು, ಪಾದವನ್ನು, ಲಗ್ನವನ್ನು ನೋಡುತ್ತದೆ. ಮೂಲಾಂಕ ತಿಂಗಳ ತಾರೀಖನ್ನು ಮಾತ್ರ ನೋಡುತ್ತದೆ. ಅದನ್ನು ನಂಬುವವರ ಒಳಗಿನ ಲೆಕ್ಕದಲ್ಲೂ ಜಾತಕವೇ ಸೂಕ್ಷ್ಮ.

ಜಾತಕ ಇಲ್ಲದ, ಒಬ್ಬರನ್ನೊಬ್ಬರು ಆಗಲೇ ಒಪ್ಪಿಕೊಂಡ ಜೋಡಿಗೆ ನಾನು ಲೈಫ್ ಪಾತ್ ಸಂಖ್ಯೆಯನ್ನೇ ಸೂಚಿಸುತ್ತೇನೆ. ಅದರಲ್ಲಿ ಶತ್ರು ಎಂಬ ಮಾತಿಲ್ಲದಿರುವುದು ಸಣ್ಣ ವಿಷಯವಲ್ಲ. ‘ನಿನಗೆ ಏಕಾಂತ ಎಷ್ಟು ಬೇಕು, ನನ್ನ ಹಣದ ಅಭ್ಯಾಸ ನಿನಗೆ ಹೇಗೆ ಕಾಣುತ್ತದೆ’ ಎಂಬ ಮಾತುಕತೆಗೆ ಅದು ನೆಪವಾಗುತ್ತದೆ. ಅದಕ್ಕೆ ಮೀರಿ ಅದರಿಂದ ಏನನ್ನೂ ನಿರೀಕ್ಷಿಸಬೇಡಿ.

ಮದುವೆಯಾಗಿ ವರ್ಷಗಳಾಗಿ, ಎಲ್ಲಿ ಎಡವುತ್ತಿದ್ದೇವೆ ಎಂದು ಯೋಚಿಸುತ್ತಿರುವವರಿಗೆ ಭಾರತೀಯ ಪದ್ಧತಿಯ ದಿಕ್ಕುಳ್ಳ ನೋಟವೇ ಹೆಚ್ಚು ಉಪಯುಕ್ತ. ಗಂಡನಿಗೆ ಎಲ್ಲ ಸರಿಯಿದೆ ಎನಿಸುವಾಗ ಹೆಂಡತಿಗೆ ಉಸಿರುಗಟ್ಟುತ್ತಿರಬಹುದು ಎಂಬ ಸಾಧ್ಯತೆಯನ್ನು ಚಂದ್ರ–ಬುಧರ ಉದಾಹರಣೆ ಮುಂದಿಡುತ್ತದೆ. ಎರಡೂ ಕಡೆಯಿಂದ ಓದಿ, ಇಬ್ಬರೂ ಕೂತು ‘ಇದು ನಿಜವೇ’ ಎಂದು ಕೇಳಿಕೊಳ್ಳಿ.

ಸಂಬಂಧವನ್ನು ಒಪ್ಪುವುದೋ ಬಿಡುವುದೋ ಎಂದು ತೀರ್ಮಾನಿಸಲು ಮಾತ್ರ ಎರಡೂ ಬೇಡ. ವಿಶೇಷವಾಗಿ 8ರ ವಿಷಯದಲ್ಲಿ ಇದನ್ನು ಒತ್ತಿ ಹೇಳಬೇಕಾಗಿದೆ. 8, 17, 26ನೇ ತಾರೀಖಿನಲ್ಲಿ ಹುಟ್ಟಿದವರಿಗೆ ಶನಿಯ ಹೆಸರು ಹೇಳಿ ಸಂಬಂಧ ತಪ್ಪಿಸುವುದನ್ನು ಕೇಳಿದಾಗ ಮನಸ್ಸಿಗೆ ನೋವಾಗುತ್ತದೆ. ತಿಂಗಳಿನಲ್ಲಿ ಮೂರು ದಿನ, ಅಂದರೆ ಸುಮಾರು ಹತ್ತರಲ್ಲಿ ಒಬ್ಬರು ಈ ತಾರೀಖಿನವರು. ಅವರಷ್ಟೂ ಜನರಿಗೆ ಒಂದೇ ದಾಂಪತ್ಯ ಹೇಗಾದೀತು? ಗ್ರಹಮೈತ್ರಿಯ ಕೋಷ್ಟಕವೇ ಶನಿಗೆ ಬುಧ, ಶುಕ್ರರನ್ನು ಮಿತ್ರರಾಗಿ ಕೊಟ್ಟಿದೆ. 5 ಮತ್ತು 6ರವರು 8ಕ್ಕೆ ಚೆನ್ನಾಗಿ ಕೂಡಿ ಬರುತ್ತಾರೆ. ಆ ಮಾತನ್ನು ಯಾರೂ ಹೇಳುವುದಿಲ್ಲ.

ಖರ್ಚಿನ ಮಾತು

ಈ ಲೇಖನದಲ್ಲಿರುವ ಲೆಕ್ಕವಷ್ಟನ್ನೂ ಒಂದು ಹಾಳೆ, ಒಂದು ಪೆನ್ನಿನಿಂದ ನೀವೇ ಮಾಡಬಹುದು. ಹಣ ಕೊಡಬೇಕಾಗಿ ಬರುವುದು ಸಾಮಾನ್ಯವಾಗಿ ಇದರ ಮುಂದಿನ ಹೆಜ್ಜೆಗೆ: ಸಂಖ್ಯೆ ಹೊಂದುವುದಿಲ್ಲ, ಹೆಸರಿನ ಅಕ್ಷರ ಬದಲಿಸಿ ಸರಿಪಡಿಸೋಣ ಎಂಬ ಸಲಹೆಗೆ. ಇಲ್ಲಿ ನಾಮಾಂಕ, ಅಂದರೆ ಹೆಸರಿನ ಅಕ್ಷರಗಳ ಬೆಲೆಯನ್ನು ಕೂಡಿ ತೆಗೆಯುವ ಸಂಖ್ಯೆ, ಬರುತ್ತದೆ. ಅದರ ಲೆಕ್ಕ ನಡೆಯುವುದು ಇಂಗ್ಲಿಷ್ ಕಾಗುಣಿತದ ಮೇಲೆ. Lakshmi ಎಂದು ಬರೆದರೆ 1, Laxmi ಎಂದು ಬರೆದರೆ 5. ಕನ್ನಡದಲ್ಲಿ ಆಕೆಯ ಹೆಸರು ಎರಡೂ ಸಲ ಲಕ್ಷ್ಮಿಯೇ. ಅಕ್ಷರಗಳಿಗೆ ಬೆಲೆ ಕೊಡುವ ಕೋಷ್ಟಕಗಳೂ ಎರಡಿವೆ: ಪೈಥಾಗೊರಿಯನ್‌ನಲ್ಲಿ 1ರಿಂದ 9ರವರೆಗೆ ಸಾಲಾಗಿ ಬೆಲೆ ಬರುತ್ತದೆ, ನಮ್ಮಲ್ಲಿ ಹೆಚ್ಚು ಬಳಸುವ ಚಾಲ್ಡಿಯನ್ ಕೋಷ್ಟಕದಲ್ಲಿ 1ರಿಂದ 8 ಮಾತ್ರ, ಯಾವ ಅಕ್ಷರಕ್ಕೂ 9 ಇಲ್ಲ. ಕಾಗುಣಿತ ಬದಲಿಸಿದರೆ ಆಧಾರ್, ಪ್ಯಾನ್, ಪಾಸ್‌ಪೋರ್ಟ್, ಅಂಕಪಟ್ಟಿ, ಬ್ಯಾಂಕ್ ಖಾತೆ ಎಲ್ಲವನ್ನೂ ತಾಳೆ ಮಾಡಬೇಕು, ವಿವಾಹ ನೋಂದಣಿಯ ಹೊತ್ತಿಗೆ ಒಂದು ಅಕ್ಷರದ ವ್ಯತ್ಯಾಸವೂ ಓಡಾಟ ತರುತ್ತದೆ. ಮದುವೆಯ ಮುನ್ನ ಈ ಕೆಲಸಕ್ಕೆ ಕೈಹಾಕಬೇಡಿ ಎಂಬುದು ನನ್ನ ಸಲಹೆ.

ಇಷ್ಟಾದ ಮೇಲೂ ಒಬ್ಬ ಸಂಖ್ಯಾಶಾಸ್ತ್ರಜ್ಞರನ್ನು ಕಾಣಬೇಕು ಎನಿಸಿದರೆ, ದಕ್ಷಿಣೆ ಇಡುವ ಮೊದಲು ನಾಲ್ಕು ಮಾತು ಕೇಳಿ. ತಾರೀಖು ಬದಲಾಗುವುದು ನಡುರಾತ್ರಿಗೋ ಸೂರ್ಯೋದಯಕ್ಕೋ? 4 ಮತ್ತು 7ಕ್ಕೆ ಯಾವ ಮೈತ್ರಿಯನ್ನು ಹಿಡಿಯುತ್ತೀರಿ? 11, 22 ಬಂದರೆ ಕುಗ್ಗಿಸುತ್ತೀರೋ ಇಲ್ಲವೋ? ಇಬ್ಬರ ಕಡೆಯಿಂದಲೂ ನೋಡುತ್ತೀರೋ, ಒಬ್ಬರ ಕಡೆಯಿಂದ ಮಾತ್ರವೋ? ತಿಳಿದವರು ಈ ಪ್ರಶ್ನೆಗಳಿಗೆ ನೇರವಾಗಿ ಉತ್ತರಿಸುತ್ತಾರೆ, ತಮ್ಮ ಪದ್ಧತಿ ಯಾವುದೆಂದು ಹೇಳುತ್ತಾರೆ. ಉತ್ತರ ಕೊಡದೆ ನೇರವಾಗಿ ಪರಿಹಾರಕ್ಕೆ, ಹರಳಿಗೆ, ಹೆಸರು ಬದಲಾವಣೆಗೆ ಬಂದರೆ ದಿನಾಂಕದ ಚೀಟಿಯನ್ನು ವಾಪಸು ಪಡೆದು ಎದ್ದು ಬನ್ನಿ.